ಮನೆಮಂದಿಯ ಸರಾಸರಿ

ನಮ್ಮ ಮನೆಯಲ್ಲಿ ಫೋನು ನನ್ನದು, ಕಿವಿ ಎಲ್ಲರದು. ದೊಡ್ಡಬಳ್ಳಾಪುರದ ಮಗ್ಗದ ಬೀದಿಯಲ್ಲಿ ಬೆಳೆದವರಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಇಲ್ಲಿ ಹಾಡು ಕೇಳುವುದೆಂದರೆ ಪವರ್‌ಲೂಮಿನ ಸದ್ದಿನ ಮೇಲೆ ಇನ್ನೊಂದು ಸದ್ದು ಹೇರುವುದು. ಆ ಹಾಡು ಯಾರದು, ಯಾರಿಗಾಗಿ ಹಾಕಿದ್ದು ಎಂದು ಕೇಳುವ ಪದ್ಧತಿ ಇಲ್ಲ. ಶೆಡ್ಡಿನಲ್ಲಿ ರೇಡಿಯೊ ಕೂಗಿದರೆ ಅದು ಬೀದಿಗೆಲ್ಲ ಸೇರಿದ್ದು. ಆ ನಿಯಮವೇ ಫೋನಿಗೂ ಬಂದಿದೆ. ಚಾರ್ಜಿಗೆ ಹಾಕಿದ ಫೋನನ್ನು ಮೊದಲು ಕಂಡವರು ಕೈಗೆತ್ತಿಕೊಳ್ಳುತ್ತಾರೆ.

ಆದರೆ ರೇಡಿಯೊಗೂ ಫೋನಿಗೂ ಒಂದು ವ್ಯತ್ಯಾಸವಿದೆ. ರೇಡಿಯೊ ಕೇಳಿದವರನ್ನು ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಫೋನಿನ ಯೂಟ್ಯೂಬು ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ, ಅಷ್ಟನ್ನೂ ನನ್ನ ಖಾತೆಗೇ ಬರೆಯುತ್ತದೆ.

ಅಮ್ಮ ನಮ್ಮಲ್ಲಿದ್ದಷ್ಟು ದಿನ ಬೆಳಗಿನ ಜಾವ ಗುರುರಾಜುಲು ನಾಯ್ಡು ಅವರ ಹರಿಕಥೆ. ಕ್ಯಾಸೆಟ್ ಕಾಲದಲ್ಲಿ ಕೇಳಿ ಬಾಯಿಪಾಠವಾಗಿದ್ದರೂ ಕಥೆ ಹೇಗೆ ಮುಗಿಯುತ್ತದೋ ಎಂಬ ಆತಂಕ ಅವರಿಗೆ ದಿನವೂ ಹೊಸದು. ಆಮೇಲೆ ನನ್ನ ಸರದಿ: ಪಿ.ಬಿ. ಶ್ರೀನಿವಾಸ್, ಕಾಳಿಂಗರಾಯರು, ಮನಸ್ಸು ಒಂದಿಷ್ಟು ಮೆತ್ತಗಿದ್ದರೆ ಮೈಸೂರು ಅನಂತಸ್ವಾಮಿ. ಮಧ್ಯಾಹ್ನ ಮೊಮ್ಮಗಳ ಊಟ. ‘ಬೇಬಿ ಶಾರ್ಕ್’ ಇಲ್ಲದೆ ಅವಳ ಬಾಯಿ ತೆರೆಯುವುದಿಲ್ಲ. ಪ್ರಪಂಚದಲ್ಲಿ ಮೊದಲು ಸಾವಿರ ಕೋಟಿ ವೀಕ್ಷಣೆ ದಾಟಿದ ವಿಡಿಯೊ ಅದು, 2022ರ ಜನವರಿಯಲ್ಲಿ. ಆ ಸಾವಿರ ಕೋಟಿಯಲ್ಲಿ ನಮ್ಮ ಮನೆಯ ಅನ್ನ ಸಾರಿನ ಪಾಲು ಸಣ್ಣದೇನಲ್ಲ. ಶನಿವಾರ ಸಂಜೆ ದೇವನಹಳ್ಳಿಯಿಂದ ತಂಗಿಯ ಮಗ ಬರುತ್ತಾನೆ. ಏರ್‌ಪೋರ್ಟಿನಲ್ಲಿ ರಾತ್ರಿ ಪಾಳಿಯ ಕೆಲಸ. ಅವನ ಫೋನಿನ ಡೇಟಾ ಯಾವಾಗಲೂ ಮುಗಿದಿರುತ್ತದೆ, ಹಾಗಾಗಿ ಗಣೇಶನ ಮೆರವಣಿಗೆಯ ಡಿಜೆ ರೀಮಿಕ್ಸುಗಳು ನನ್ನ ಲೆಕ್ಕಕ್ಕೆ.

ಹೀಗಾಗಿ ನನ್ನ ಹೋಮ್ ಪುಟ ನೋಡಿದವರಿಗೆ ನನ್ನ ಬಗ್ಗೆ ಒಂದು ಅಭಿಪ್ರಾಯ ಬರುವುದು ಕಷ್ಟ. ಮೇಲೆ ಸತ್ಯಹರಿಶ್ಚಂದ್ರ, ಅದರ ಕೆಳಗೆ ಹಳದಿ ಮೀನು, ಅದರ ಕೆಳಗೆ ತಮಟೆ. ಬ್ಯಾಂಕಿನ ಸರದಿಯಲ್ಲಿ ನಿಂತಿದ್ದಾಗ ಪಕ್ಕದವರು ನನ್ನ ಪರದೆಯನ್ನು ಇಣುಕಿ ನೋಡಿ, ಆಮೇಲೆ ನನ್ನ ಮುಖ ನೋಡಿ, ಒಂದು ಹೆಜ್ಜೆ ಆಚೆ ಸರಿದದ್ದೂ ಉಂಟು.

“ಎಲ್ಲಾ ಕ್ಲಿಯರ್ ಮಾಡ್ಬಿಡಿ ಮಾವ” ಎಂದ ಈ ಸೋದರಳಿಯ. ಅವನಿಗೆ ಎಲ್ಲ ಕಾಯಿಲೆಗೂ ಅದೊಂದೇ ಔಷಧ. ಫೋನು ನಿಧಾನವಾದರೂ ರೀಸೆಟ್, ಹೊಟ್ಟೆ ಕೆಟ್ಟರೂ ಉಪವಾಸ. ಮಾಡಬಹುದು ನಿಜ. ಇತಿಹಾಸದ ಪುಟದಲ್ಲಿ ಈವರೆಗಿನದನ್ನೆಲ್ಲ ಒಂದೇ ಏಟಿಗೆ ಅಳಿಸುವ ದಾರಿ ಇದೆ. ಆಮೇಲೆ ಏನಾಗುತ್ತದೆ ಎನ್ನುವುದನ್ನು ಅವನು ಹೇಳಲಿಲ್ಲ. 2023ರ ಆಗಸ್ಟಿನಿಂದ ಯೂಟ್ಯೂಬಿನಲ್ಲಿ ಒಂದು ಪದ್ಧತಿ ಬಂದಿದೆ: ನೋಡಿದ್ದರ ದಾಖಲೆ ನಿಲ್ಲಿಸಿಟ್ಟು, ಹಿಂದಿನದೂ ಹೇಳಿಕೊಳ್ಳುವಷ್ಟು ಇಲ್ಲದಿದ್ದರೆ ಹೋಮ್ ಪುಟವೇ ಖಾಲಿ. ಹುಡುಕುವ ಪಟ್ಟಿ ಒಂದಿರುತ್ತದೆ, ಅದರ ಕೆಳಗೆ ಬಯಲು. ದಾಖಲೆ ನಿಲ್ಲಿಸದೆ ಬರೀ ಅಳಿಸಿದರೂ ಅದು ನನ್ನನ್ನು ಹೊಸಬನಂತೆ ಕಾಣತೊಡಗುತ್ತದೆ. ಕಾಳಿಂಗರಾಯರ ಯಾವ ಧ್ವನಿಮುದ್ರಣ ನನಗೆ ಇಷ್ಟ ಎನ್ನುವುದನ್ನು ಅದಕ್ಕೆ ಕಲಿಸುವಷ್ಟರಲ್ಲಿ ನನ್ನ ತಲೆ ನೆರೆತಿದೆ. ಇನ್ನೊಮ್ಮೆ ಮೊದಲಿನಿಂದ ಕಲಿಸಲು ಬೇರೆ ಕೂದಲು ಉಳಿದಿಲ್ಲ.

ನನಗೆ ಬೇಕಾಗಿದ್ದದ್ದು ಬೇರೆ. ಮೀನು ಹೋಗಬೇಕು, ತಮಟೆ ಹೋಗಬೇಕು, ಉಳಿದದ್ದು ಇದ್ದಲ್ಲೇ ಇರಬೇಕು.

ಅದಕ್ಕೂ ದಾರಿ ಇದೆ, ಮತ್ತು ಸುಲಭವಾಗಿಯೇ ಇದೆ. ಯೂಟ್ಯೂಬಿನಲ್ಲಿ ಕೆಳಗಿನ ಬಲ ಮೂಲೆಯ You ಒತ್ತಿ History ತೆರೆದರೆ, ಕೇಳಿದ್ದು ನೋಡಿದ್ದು ದಿನವಾರು ಸಾಲಾಗಿ ನಿಂತಿರುತ್ತದೆ. ಬೇಡವಾದದ್ದರ ಪಕ್ಕದ ಮೂರು ಚುಕ್ಕಿ ಒತ್ತಿ Remove from watch history ಎಂದರೆ ಅದೊಂದು ಮಾತ್ರ ಹೋಗುತ್ತದೆ. ಯೂಟ್ಯೂಬ್ ಮ್ಯೂಸಿಕ್ಕಿನಲ್ಲೂ ಇತಿಹಾಸದ ಪುಟದಲ್ಲಿ ಇದೇ ಮೂರು ಚುಕ್ಕಿ, ಇದೇ ಕೆಲಸ. ನಾನು ಮೊದಲ ಸಲ ಕೂತು ಒಂದು ವಾರದ ಮೀನುಗಳನ್ನೆಲ್ಲ ಹಿಡಿದು ಹಾಕಿದೆ. ಹೋಮ್ ಪುಟವನ್ನು ಕೆಳಗೆಳೆದು ಬಿಟ್ಟು ನೋಡಿದರೆ ಒಂದು ಮೀನು ಅಲ್ಲೇ ನಗುತ್ತಿತ್ತು.

ಅದರ ಕಾರಣ ಕಂಡುಹಿಡಿಯಲು ಒಂದು ಮಧ್ಯಾಹ್ನ ಹಿಡಿಯಿತು. ಮೊಮ್ಮಗಳು ಬರೀ ನೋಡಿರಲಿಲ್ಲ, ತುತ್ತಿನ ನಡುವೆ ಹೆಬ್ಬೆರಳಿನ ಚಿತ್ರವನ್ನೂ ಒತ್ತಿದ್ದಳು. ಮೆಚ್ಚಿದ್ದರ ಪಟ್ಟಿ ಬೇರೆ, ನೋಡಿದ್ದರ ಪಟ್ಟಿ ಬೇರೆ. ಒಂದರಿಂದ ಅಳಿಸಿದರೆ ಇನ್ನೊಂದಕ್ಕೆ ಸುದ್ದಿ ಹೋಗುವುದಿಲ್ಲ. ಹುಡುಕಿದ್ದರ ಪಟ್ಟಿ ಮೂರನೆಯದು. ಅದರಲ್ಲಿ ಅಳಿಯ ಮೈಕಿನಲ್ಲಿ ಕೂಗಿ ಹುಡುಕಿದ್ದೆಲ್ಲ ಇತ್ತು, ಒಂದೆರಡನ್ನು ಇಲ್ಲಿ ಬರೆಯುವಂತಿಲ್ಲ. ಚಂದಾದಾರನಾಗಿರುವ ಚಾನೆಲ್ಲುಗಳು ನಾಲ್ಕನೆಯದು. ಹಾಗಾಗಿ ಒಂದು ಹಾಡನ್ನು ಪೂರ್ತಿ ಮರೆಸಬೇಕೆಂದರೆ ಇತಿಹಾಸದಿಂದ ತೆಗೆದ ಮೇಲೆ ಲೈಕ್ ವಾಪಸು ತೆಗೆದುಕೊಳ್ಳಬೇಕು, ಹುಡುಕಿದ್ದನ್ನು ಅಳಿಸಬೇಕು, ಆ ಚಾನೆಲ್ಲಿಗೆ ಚಂದಾದಾರರಾಗಿದ್ದಾರೋ ನೋಡಬೇಕು. ಇನ್ನೂ ಅನುಮಾನವಿದ್ದರೆ myactivity.google.com ಎಂಬ ಪುಟವಿದೆ. ಅಲ್ಲಿ ಹಾಡಿನ ಹೆಸರು ಬರೆದು ಹುಡುಕಿದರೆ ಯಾವ ದಿನ, ಎಷ್ಟು ಹೊತ್ತಿಗೆ ಅದು ಓಡಿತ್ತು ಎಂಬುದೆಲ್ಲ ಬರುತ್ತದೆ. ಒಂದೊಂದರ ಎದುರಿಗೂ ಅಳಿಸುವ ಗುರುತು ಇದೆ. ಒಂದೇ ಹಾಡು ಹತ್ತು ದಿನ ಓಡಿದ್ದರೆ ಹತ್ತು ನಮೂದು. ನಿದ್ದೆ ಬಂದು ಫೋನು ಎದೆಯ ಮೇಲೆ ಬಿದ್ದ ರಾತ್ರಿಗಳಲ್ಲಿ ಅದು ತಾನಾಗಿಯೇ ಮುಂದಿನದನ್ನು, ಅದರ ಮುಂದಿನದನ್ನು ಹಾಕಿಕೊಂಡು ಹೋಗಿರುತ್ತದೆ. ಅವೂ ನಾನು ಆಸೆಪಟ್ಟು ಕೇಳಿದವೆಂದೇ ದಾಖಲಾಗಿರುತ್ತವೆ. ನನ್ನ ಗೊರಕೆಗೂ ಒಂದು ಅಭಿರುಚಿ ಇದೆ ಎಂದು ತಿಳಿದದ್ದು ಅಲ್ಲೇ.

ಇಷ್ಟಾದ ಮೇಲೆ ನನಗೊಂದು ಪ್ರಶ್ನೆ ಹುಟ್ಟಿತು. ನಮೂದು ಹೋಯಿತು ಸರಿ, ಆ ನಮೂದಿನಿಂದ ಅದು ಕಲಿತದ್ದು ಹೋಯಿತೇ?

ಯೂಟ್ಯೂಬಿನ ಎಂಜಿನಿಯರುಗಳೇ 2016ರಲ್ಲಿ ತಮ್ಮ ಶಿಫಾರಸಿನ ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಒಂದು ಪ್ರಬಂಧ ಬರೆದಿದ್ದಾರೆ. ಪಾಲ್ ಕವಿಂಗ್ಟನ್ ಮತ್ತು ಅವರ ಇಬ್ಬರು ಜೊತೆಗಾರರದು. ಗಣಿತ ಬಿಟ್ಟು ಹೇಳುವುದಾದರೆ ಅದರ ಮೊದಲ ಹಂತ ಇಷ್ಟು: ಪ್ರತಿ ವಿಡಿಯೊವನ್ನೂ ಅಂಕಿಗಳ ಒಂದು ಸಾಲಾಗಿ ಬರೆದಿಟ್ಟುಕೊಳ್ಳುತ್ತಾರೆ. ಅವರ ಪ್ರಯೋಗದಲ್ಲಿ ಒಂದೊಂದಕ್ಕೆ 256 ಅಂಕಿ. ಒಂದೇ ಬಗೆಯ ಜನ ನೋಡುವ ವಿಡಿಯೊಗಳ ಅಂಕಿಗಳು ಹತ್ತಿರ ಹತ್ತಿರ ಬರುತ್ತವೆ. ಇನ್ನು ನಾನು ಯಾರು ಎಂದು ತಿಳಿಯಬೇಕಾದರೆ, ನಾನು ಇತ್ತೀಚೆಗೆ ನೋಡಿದವುಗಳನ್ನು, ಆ ಪ್ರಯೋಗದಲ್ಲಿ ಹೆಚ್ಚೆಂದರೆ 50ನ್ನು, ತೆಗೆದುಕೊಂಡು ಆ ಸಾಲುಗಳ ಸರಾಸರಿ ಮಾಡುತ್ತಾರೆ. ನನ್ನ ಅಭಿರುಚಿ, ಸಂಸ್ಕಾರ, ಓದು, ವಿರಹ, ಎಲ್ಲವೂ ಸೇರಿ ಒಂದು ಸರಾಸರಿ. ಯಂತ್ರ ಆಮೇಲೆ ಎಷ್ಟೋ ಬದಲಾಗಿದೆ, ಆದರೂ ನಮ್ಮ ಮನೆಯ ಪರಿಸ್ಥಿತಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಲೆಕ್ಕ ಹಾಕಿ ನೋಡೋಣ. 50ರಲ್ಲಿ ಹರಿಕಥೆ 10, ನನ್ನ ಹಳೆಯ ಹಾಡು 15, ಡಿಜೆ 5, ಮೀನು 20 ಎಂದಿಟ್ಟುಕೊಳ್ಳಿ. ಮೀನೇ ಹೆಚ್ಚು ಏಕೆಂದರೆ ಅದು ಎರಡೂಕಾಲು ನಿಮಿಷದ್ದು, ಒಂದು ಊಟಕ್ಕೆ ಆರೇಳು ಸಲ ಓಡುತ್ತದೆ. ಹರಿಕಥೆ ಒಂದಕ್ಕೆ ಗಂಟೆ ಮೀರುತ್ತದೆ. ಅಮ್ಮ ಅಲುಗಾಡದೆ ಕೂತು ಕೇಳಿದ ಒಂದು ಗಂಟೆಗೂ, ಮಗು ಅನ್ನ ಉಗುಳುತ್ತ ಕೇಳಿದ ಎರಡು ನಿಮಿಷಕ್ಕೂ ಈ ಹಂತದಲ್ಲಿ ಲೆಕ್ಕ ಒಂದೊಂದೇ. ಎಷ್ಟು ಹೊತ್ತು ನೋಡುತ್ತಾರೆ ಎನ್ನುವುದಕ್ಕೆ ಬೆಲೆ ಬರುವುದು ಮುಂದಿನ ಹಂತದಲ್ಲಿ, ಆರಿಸಿದವುಗಳನ್ನು ಮೇಲೆ ಕೆಳಗೆ ಜೋಡಿಸುವಾಗ. ಸರಾಸರಿಯಲ್ಲಿ ನೂರಕ್ಕೆ ನಲವತ್ತು ಪಾಲು ನಾನು ಮೀನು. ಈಗ ಆ ಇಪ್ಪತ್ತನ್ನು ಅಳಿಸಿದರೆ ಉಳಿದ 30ರಲ್ಲೇ ಲೆಕ್ಕವಾಗಿ ನನ್ನ ಹಾಡಿನ ಪಾಲು ನೂರಕ್ಕೆ ಮೂವತ್ತರಿಂದ ಐವತ್ತಕ್ಕೇರುತ್ತದೆ. ಅಮ್ಮನದು ಇಪ್ಪತ್ತರಿಂದ ಮೂವತ್ತಮೂರಕ್ಕೆ. ಖಾಲಿಯಾದ ಜಾಗಕ್ಕೆ ಅದಕ್ಕೂ ಹಿಂದೆ ಕೇಳಿದವು ಬಂದು ಕೂರುತ್ತವೆ. ಅಂದರೆ ಒಂದೊಂದಾಗಿ ಅಳಿಸುವುದು ವ್ಯರ್ಥವಲ್ಲ. ತೆಗೆದ ಅಂಕಿ ಸರಾಸರಿಯಿಂದ ನಿಜವಾಗಿ ಹೊರಗೆ ಹೋಗುತ್ತದೆ, ಉಳಿದವರ ಅಂಕಿ ಕೆಡುವುದಿಲ್ಲ.

ಹೋಗದೆ ಉಳಿಯುವುದು ಒಂದಿದೆ. ಹರಿಕಥೆಗೂ ಮೀನಿಗೂ ಏನಾದರೂ ನಂಟು ಇರಬಹುದು ಎಂದು ನಮ್ಮಂಥ ಮನೆಗಳನ್ನು ನೋಡಿ ಯಂತ್ರ ಕಲಿತಿದ್ದರೆ, ಆ ಪಾಠ ನನ್ನ ಪಟ್ಟಿಯಲ್ಲಿ ಇರುವುದಿಲ್ಲ, ಯಂತ್ರದ ಒಳಗಿರುತ್ತದೆ. ಕೋಟ್ಯಂತರ ಜನರಿಂದ ಕಲಿತದ್ದರಲ್ಲಿ ನಮ್ಮ ಮನೆಯದು ಒಂದು ಹನಿ. ಆ ಹನಿಯನ್ನು ವಾಪಸು ತೆಗೆಯುವ ಮೂರು ಚುಕ್ಕಿ ಎಲ್ಲೂ ಇಲ್ಲ.

ಇದನ್ನು ಪಕ್ಕದ ಮನೆಯ ಮಗ್ಗದ ಯಜಮಾನರಿಗೆ ಹೇಳಿದಾಗ ಅವರಿಗೆ ನನಗಿಂತ ಚೆನ್ನಾಗಿ ಅರ್ಥವಾಯಿತು. “ಹೊಕ್ಕಿನಲ್ಲಿ ಬೇರೆ ಬಣ್ಣದ ಎಳೆ ಬಂತು ಅಂತಿಟ್ಕೊಳ್ಳಿ ಮೇಷ್ಟ್ರೇ. ತಕ್ಷಣ ಕಂಡ್ರೆ ಮಗ್ಗ ನಿಲ್ಲಿಸಿ, ನೇಯ್ದಿದ್ದನ್ನ ಅಲ್ಲಿವರೆಗೂ ಬಿಚ್ಚಿ ತೆಗೀಬೋದು. ಮೊಳಗಟ್ಟಲೆ ನೇಯ್ದು ಸುತ್ತಿದ ಮೇಲೆ ಕಂಡ್ರೆ? ಎಳೆ ಎಳೆದ್ರೆ ಬರುತ್ತೆ, ಜಾಗ ಬಾಯ್ಬಿಡುತ್ತೆ.” ಲಾಳಿಯ ಮುಂದೆ ಮೂವತ್ತು ವರ್ಷ ನಿಂತವರ ಮಾತು. ಅವತ್ತಿನಿಂದ ನಾನು ಅಳಿಸುವ ಕೆಲಸವನ್ನು ಅವತ್ತವತ್ತೇ ಮುಗಿಸುತ್ತೇನೆ. ಮೀನಿನ ಸರಣಿಯನ್ನು ರಾತ್ರಿಯೊಳಗೆ ತೆಗೆದರೆ, ಅದನ್ನು ನಂಬಿ ಬರುವ ಬಸ್ಸಿನ ಚಕ್ರದ ಹಾಡು, ಐದು ಕೋತಿಗಳ ಹಾಡು ಬರುವುದು ಕಡಿಮೆ. ವಾರ ಬಿಟ್ಟರೆ ಅವೂ ಓಡಿ, ಅವುಗಳ ನೆಂಟರೂ ಬಂದು, ಯಾವುದು ಮೂಲ ಯಾವುದು ಮರಿ ಗೊತ್ತಾಗುವುದಿಲ್ಲ.

ಹಾಗೆಂದು ಇದು ರಾಮಬಾಣವಲ್ಲ. ಮೊಜಿಲ್ಲಾದವರು 2022ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಯೂಟ್ಯೂಬ್ ಬಳಕೆಯನ್ನು ಪರೀಕ್ಷಿಸಿ, ಯಾವ ಗುಂಡಿ ಎಷ್ಟು ಕೆಲಸ ಮಾಡುತ್ತದೆ ಎಂದು ಅಳೆದರು. ಬೇಡವಾದಂಥ ಶಿಫಾರಸುಗಳನ್ನು ತಡೆಯುವುದರಲ್ಲಿ ಇತಿಹಾಸದಿಂದ ಅಳಿಸುವುದಕ್ಕೆ ಸಿಕ್ಕ ಅಂಕ ನೂರಕ್ಕೆ 29. ‘ಈ ಚಾನೆಲ್ ತೋರಿಸಬೇಡ’ ಎನ್ನುವ ಗುಂಡಿಗೆ 43. ನಾವೆಲ್ಲ ಸಿಟ್ಟಿನಿಂದ ಒತ್ತುವ ಕೆಳಮುಖದ ಹೆಬ್ಬೆರಳಿಗೆ 12, ‘ಆಸಕ್ತಿ ಇಲ್ಲ’ ಎನ್ನುವುದಕ್ಕೆ 11. ನಾನು ಮೇಷ್ಟ್ರಾಗಿದ್ದಾಗ 29 ತೆಗೆದವನನ್ನು ಪಾಸು ಮಾಡುತ್ತಿರಲಿಲ್ಲ. ಆದರೆ ಆ ತರಗತಿಯಲ್ಲಿ ಅವನೇ ಎರಡನೆಯ ರ‍್ಯಾಂಕ್. ಮೊದಲ ರ‍್ಯಾಂಕಿನವನನ್ನು ನಂಬಿ ಮೀನಿನ ಚಾನೆಲ್ಲನ್ನು ತೋರಿಸಬೇಡವೆಂದು ಹೇಳಬಹುದಿತ್ತು. ಮಧ್ಯಾಹ್ನ ಊಟ ಮಾಡಿಸುವವನು ನಾನಲ್ಲವಾದ್ದರಿಂದ ಆ ಧೈರ್ಯ ಬರಲಿಲ್ಲ.

ಅಳಿಯ ಬಳಸುವುದು ಸ್ಪಾಟಿಫೈ. 2019ರಲ್ಲಿ ಭಾರತಕ್ಕೆ ಬಂದದ್ದು. ಅಲ್ಲಿನ ನಡವಳಿಕೆ ತದ್ವಿರುದ್ಧ: ಕೇಳಿದ್ದು ಕೇಳಿದ್ದೇ, ಆದರೆ ‘ಇದನ್ನು ನನ್ನ ಅಭಿರುಚಿ ಎಂದು ತಿಳಿಯಬೇಡ’ ಎಂದು ಹೇಳಬಹುದು. 2023ರಿಂದ ಒಂದು ಪ್ಲೇಲಿಸ್ಟಿನ ಚುಕ್ಕಿ ಒತ್ತಿದರೆ Exclude from your taste profile ಎಂದು ಬರುತ್ತದೆ. ಮಗುವನ್ನು ಮಲಗಿಸುವ ಹಾಡು, ಮಳೆಯ ಸದ್ದು, ಇಂಥವನ್ನೆಲ್ಲ ಒಂದು ಪಟ್ಟಿ ಮಾಡಿ ಅದಕ್ಕೆ ಈ ಮುದ್ರೆ ಒತ್ತಿಟ್ಟರೆ ಮುಂದೆ ಅದರಿಂದ ಓಡುವುದು ಲೆಕ್ಕಕ್ಕೆ ಅಷ್ಟಾಗಿ ಬರುವುದಿಲ್ಲ. ಸಭ್ಯವಾದ ದಾರಿ. ದಾಖಲೆ ತಿದ್ದುವುದಿಲ್ಲ, ಅರ್ಥ ಮಾತ್ರ ತಿದ್ದುತ್ತದೆ. ಅತಿಥಿಗಳ ಕೈಗೆ ಫೋನು ಕೊಡುವ ಮುಂಚೆ ಒತ್ತುವಂಥದ್ದೂ ಎರಡೂ ಕಡೆ ಇದೆ, ಅಲ್ಲಿ ಪ್ರೈವೇಟ್ ಸೆಷನ್, ಇಲ್ಲಿ ಇನ್‌ಕಾಗ್ನಿಟೊ. ನಮ್ಮ ಮನೆಯಲ್ಲಿ ಯಾರೂ ಫೋನನ್ನು ಕೇಳಿ ತೆಗೆದುಕೊಳ್ಳುವುದಿಲ್ಲವಾದ್ದರಿಂದ ‘ಮುಂಚೆ’ ಎನ್ನುವ ಸಮಯವೇ ಒದಗುವುದಿಲ್ಲ.

ಸಂಜೆ ಅಂಗಳದಲ್ಲಿ ಕೂತು ದಿನದ ಪಟ್ಟಿ ಬಿಡಿಸುವುದು ಈಗ ಅವರೆಕಾಯಿ ಬಿಡಿಸುವಷ್ಟೇ ಅಭ್ಯಾಸವಾಗಿದೆ. ಮೀನು ತೆಗೆಯಲು ಯೋಚನೆ ಬೇಡ. ಕಷ್ಟ ಬರುವುದು ಉಳಿದವುಗಳಲ್ಲಿ. ಘಾಟಿ ದನದ ಜಾತ್ರೆಯ ಒಂದು ವಿಡಿಯೊ ಇತ್ತು. ಯಾರು ನೋಡಿದ್ದು? ಸಮಯ ನೋಡಿದರೆ ಮಧ್ಯಾಹ್ನ ಮೂರು, ಹೆಂಡತಿ ಒಬ್ಬಳೇ ಮನೆಯಲ್ಲಿದ್ದ ಹೊತ್ತು. ಅವಳ ತವರಿನಲ್ಲಿ ಹಿಂದೆ ಜೋಡೆತ್ತು ಇದ್ದವು, ಅಲ್ಲಿಗೇ ಕರೆದೊಯ್ದು ಮಾರಿದ್ದರು. ಕೇಳಲಿಲ್ಲ, ಅಳಿಸಲೂ ಇಲ್ಲ. ಈಗ ನನ್ನ ಹೋಮ್ ಪುಟಕ್ಕೆ ಹಳ್ಳಿಕಾರ್ ಎತ್ತುಗಳು ಬರುತ್ತವೆ, ನಾನೂ ಹಲ್ಲು ಎಣಿಸಿ ಬೆಲೆ ಅಂದಾಜು ಮಾಡುತ್ತೇನೆ. ಡಿಜೆಗಳಲ್ಲೂ ಒಂದನ್ನು ಬಿಟ್ಟಿದ್ದೇನೆ. ಅಳಿಯ ಅದನ್ನು ಒಂದೇ ರಾತ್ರಿ ಮತ್ತೆ ಮತ್ತೆ ಕೇಳಿದ್ದ. ಅದು ಕುಣಿಯುವ ಹಾಡೇನೋ ಹೌದು, ಆದರೆ ಬೆಳಗಿನ ಎರಡು ಗಂಟೆಗೆ ಯಾರೂ ಕುಣಿಯುವುದಿಲ್ಲ.

ಅಮ್ಮ ಹೊಸಕೋಟೆಗೆ, ತಮ್ಮನ ಮನೆಗೆ ಹೋದರು. ಆರು ತಿಂಗಳು ಇಲ್ಲಿ, ಆರು ತಿಂಗಳು ಅಲ್ಲಿ ಎಂಬುದು ನಾವು ಅಣ್ಣತಮ್ಮಂದಿರು ಮಾಡಿಕೊಂಡ ಏರ್ಪಾಡು, ಅದರಲ್ಲಿ ಅಮ್ಮನ ಅಭಿಪ್ರಾಯ ಕೇಳಿದ ದಾಖಲೆ ಯಾವ ಇತಿಹಾಸದಲ್ಲೂ ಇಲ್ಲ. ಅವರು ಹೋದರೂ ಫೋನು ಬೆಳಗಾದರೆ ಹರಿಕಥೆಯನ್ನೇ ಮೊದಲು ಮುಂದಿಡುತ್ತಿತ್ತು. “ಅಜ್ಜೀದೂ ತೆಗೀರಿ ಮಾವ, ನಿಮ್ದು ಇನ್ನೂ ಕ್ಲೀನ್ ಆಗುತ್ತೆ” ಎಂದ ಅಳಿಯ. ಲೆಕ್ಕದ ಪ್ರಕಾರ ಅವನು ಹೇಳಿದ್ದು ಸರಿ, ಅಮ್ಮನ ಮೂವತ್ತಮೂರು ಪಾಲನ್ನೂ ತೆಗೆದರೆ ಸರಾಸರಿಯಲ್ಲಿ ಹೆಚ್ಚುಪಾಲು ನಾನೇ. ನಾನು ತೆಗೆಯಲಿಲ್ಲ. ತೆಗೆಯದಿದ್ದರೂ ಅವು ಉಳಿಯುವುದು ಖಾತ್ರಿಯಿಲ್ಲ. 3, 18 ಅಥವಾ 36 ತಿಂಗಳಿಗಿಂತ ಹಳೆಯದನ್ನು ತಾನಾಗಿ ಅಳಿಸುವ ಏರ್ಪಾಡು ಖಾತೆಯಲ್ಲೇ ಇರುತ್ತದೆ. 2020ರಿಂದ ಈಚಿನ ಹೊಸ ಖಾತೆಗಳಲ್ಲಿ ನಾವು ಹೇಳದಿದ್ದರೂ ಯೂಟ್ಯೂಬ್ ಇತಿಹಾಸ 36 ತಿಂಗಳಿಗೆ ಹೋಗುವಂತೆ ಹೊಂದಿಸಿರುತ್ತಾರೆ. ನಾನು ಅದನ್ನು ಹುಡುಕಿ ತೆಗೆದು ನಿಲ್ಲಿಸಿಬಿಟ್ಟೆ.

ಅಷ್ಟರಲ್ಲಿ ಅಮ್ಮನ ಫೋನು ಬಂತು. “ನಿನ್ ಫೋನಾದ್ರೆ ತೆಗೀತಿದ್ದಂಗೇ ನಾಯ್ಡು ಅವರು ಬರ್ತಿದ್ರು ಕಣಪ್ಪ. ಇವನ್ದು ಬರೀ ಕ್ರಿಕೆಟ್ಟು, ಬಿರಿಯಾನಿ.” ಹೊಸಕೋಟೆಯವರ ಫೋನಿನಲ್ಲಿ ಬಿರಿಯಾನಿ ಇರದೆ ಇನ್ನೇನಿರುತ್ತದೆ, ಬೆಳಗಿನ ಜಾವಕ್ಕೇ ಸರದಿ ನಿಲ್ಲುವ ಊರು. ಆದರೆ ಅಮ್ಮನ ತೊಂದರೆಗೆ ಪರಿಹಾರ ಸುಲಭವಿತ್ತು. ಈ ಪರಿಚಯವೆಲ್ಲ ಇರುವುದು ಫೋನಿನಲ್ಲಲ್ಲ, ಖಾತೆಯಲ್ಲಿ. ಸೂಲಿಬೆಲೆ ದಾರಿಯ ಬಸ್ಸು ಹಿಡಿದು ಹೋದೆ, ತಮ್ಮನ ಹಳೆಯ ಫೋನಿಗೆ ನನ್ನ ಖಾತೆಯನ್ನೂ ಸೇರಿಸಿದೆ, ಅಮ್ಮನ ಕೈಗೆ ಕೊಟ್ಟೆ. ತೆರೆಯುತ್ತಿದ್ದಂತೆ ಹರಿಕಥೆ ಬಂತು.

ಅಲ್ಲಿಂದ ನನ್ನ ಪಟ್ಟಿಯಲ್ಲಿ ಬೆಳಗಿನ ಐದೂವರೆಗೆ ಮತ್ತೆ ಹರಿಕಥೆ ಕಾಣುತ್ತದೆ, ಓಡುವುದು ಹೊಸಕೋಟೆಯಲ್ಲಿ. ತಮ್ಮನಿಗೆ ಆ ಫೋನು ಸಿಕ್ಕ ದಿನ ಅದರ ಹಿಂದೆಯೇ ದಮ್ ಬಿರಿಯಾನಿ. ಅದನ್ನು ಅವತ್ತೇ ಅಳಿಸುತ್ತೇನೆ, ಒಮ್ಮೊಮ್ಮೆ ಅಳಿಸುವ ಮುಂಚೆ ಯಾವ ಹೋಟೆಲ್ಲೆಂದು ನೋಡಲು ಒತ್ತಿ, ಅದು ನನ್ನ ಹೆಸರಿನಲ್ಲಿ ಮತ್ತೆ ದಾಖಲಾಗುವುದೂ ಇದೆ. ಹರಿಕಥೆಯನ್ನು ಮುಟ್ಟುವುದಿಲ್ಲ. ಅದು ಕಂಡರೆ ಅಮ್ಮ ಎದ್ದಿದ್ದಾರೆ, ಮೈ ಚೆನ್ನಾಗಿದೆ ಎಂದು ಲೆಕ್ಕ. ಮೊನ್ನೆ ಎಂಟಾದರೂ ಏನೂ ಕಾಣಲಿಲ್ಲ. ಎದೆ ಧಸಕ್ಕೆಂದು ತಮ್ಮನಿಗೆ ಫೋನು ಮಾಡಿದೆ.

“ಅಮ್ಮಂಗೇನೂ ಆಗಿಲ್ಲ ಅಣ್ಣ, ಚಪಾತಿಗೆ ಹಿಟ್ಟು ಕಲಸ್ತಾವ್ರೆ” ಎಂದ. “ಬೆಳಗ್ಗೆ ನಿನ್ ಮೊಮ್ಮಗಳು ವಿಡಿಯೊ ಕಾಲ್ ಮಾಡಿದ್ಲು. ಅದಾದ್ಮೇಲೆ ಅಮ್ಮನೇ ನನ್ನ ಫೋನ್ ಇಸ್ಕೊಂಡು ಆ ಮೀನಿನ ಹಾಡು ಹಾಕ್ಸ್ಕೊಂಡ್ರು. ಎರಡು ಸಲ ಕೇಳಿದ್ರು. ಈಗ ಅದನ್ನ ನನ್ನ ಫೋನಿಂದ ಅಳಿಸೋದು ಹೆಂಗೆ, ಹೇಳು.”